ಮುನ್ನೂರು ರೂಪಾಯಿಯ ಪಲ್ಲವಿ

ಕಾಮರ್ಸ್ ಬ್ಲಾಕಿನ ಕೊನೆಯ ಕೋಣೆ. ಬೆಂಚುಗಳನ್ನೆಲ್ಲ ಗೋಡೆಗೆ ಒತ್ತರಿಸಿ ನಡುವೆ ಕುಣಿಯುವಷ್ಟು ಜಾಗ ಮಾಡಿಕೊಂಡಿದ್ದಾರೆ. ಬೋರ್ಡಿನ ಮೇಲೆ ಬೆಳಗಿನ ಕ್ಲಾಸಿನ ಟ್ರಯಲ್ ಬ್ಯಾಲೆನ್ಸ್ ಅರ್ಧ ಅಳಿಸಿ ಅರ್ಧ ಉಳಿದಿದೆ. ಕಿಟಕಿಯ ಕಟ್ಟೆ ಮೇಲೆ ಒಂದು ಬ್ಲೂಟೂತ್ ಸ್ಪೀಕರ್, ಅದರ ಪಕ್ಕ ಖಾಲಿಯಾದ ಪಫ್ಸಿನ ಕವರುಗಳು. ಮೇಷ್ಟ್ರ ಮೇಜಿನ ಮೇಲೆ ಕೀಬೋರ್ಡ್ ಇಟ್ಟುಕೊಂಡವನು ಸೆಕೆಂಡ್ ಇಯರ್ ಹುಡುಗ. ಊರಿನ ಆರ್ಕೆಸ್ಟ್ರಾದಲ್ಲಿ ಗಣಪತಿ ಸೀಸನ್ನಿಗೆ ನುಡಿಸುವವನಾದ್ದರಿಂದ ಇಲ್ಲಿ ಅವನ ಮಾತಿಗೆ ತೂಕ ಜಾಸ್ತಿ. ಇನ್ನು ಹತ್ತು ದಿನಕ್ಕೆ ಕಾಲೇಜ್ ಡೇ. ಬಿಕಾಂನವರ ಸ್ಕಿಟ್ಟಿಗೆ ಸಿಕ್ಕಿರುವುದು ಎಂಟು ನಿಮಿಷ, ವಿಷಯ ಎಕ್ಸಾಂ ಹಾಲ್. ನಡುವೆ ಒಂದು ಹಾಡು ಇರಲೇಬೇಕೆಂದು ಅವರೇ ತೀರ್ಮಾನಿಸಿದ್ದಾರೆ. ಅದನ್ನು ತಿದ್ದಿಕೊಡಿ ಎಂದು ನನ್ನನ್ನು ಕರೆದು ಒಂದು ಸ್ಟೂಲು ಕೊಟ್ಟಿದ್ದಾರೆ.

ಟ್ಯೂನ್ ಯಾವುದು ಎಂಬ ಬಗ್ಗೆ ಜಗಳವೇನೂ ಆಗಿಲ್ಲ. 2006ರ ಡಿಸೆಂಬರ್ ಕೊನೆಯಲ್ಲಿ ತೆರೆಗೆ ಬಂದ ‘ಮುಂಗಾರು ಮಳೆ’ಯ ‘ಅನಿಸುತಿದೆ’. ಜಯಂತ ಕಾಯ್ಕಿಣಿ ಬರೆದು, ಮನೋಮೂರ್ತಿ ರಾಗ ಹಾಕಿ, ಸೋನು ನಿಗಮ್ ಹಾಡಿದ್ದು. ಆ ಸಿನಿಮಾ ಓಡುವಾಗ ಈ ಹುಡುಗರು ತೊಟ್ಟಿಲಲ್ಲಿದ್ದರೋ ಏನೋ. ಆದರೂ ಪಲ್ಲವಿ ಶುರುವಾದರೆ ಸಾಕು, ಕೋಣೆಯಲ್ಲಿರುವ ಹದಿನೈದೂ ಜನರ ಬಾಯಿ ತಾನಾಗಿ ಅಲ್ಲಾಡುತ್ತದೆ. ಅಣಕವಾಡಿಗೆ ಮೊದಲು ಬೇಕಾದದ್ದು ಇದೇ. ಮೂಲ ಹಾಡು ಕೇಳುಗನ ತಲೆಯೊಳಗೆ ಆಗಲೇ ಓಡುತ್ತಿರಬೇಕು. ಹೊಸ ಮಾತು ಅದರ ಮೇಲೆ ಸವಾರಿ ಮಾಡಿದಾಗಲಷ್ಟೇ ನಗು ಬರುತ್ತದೆ. ಕೈಲಾಸಂ ‘ತಿಪ್ಪಾರಳ್ಳಿ’ ಕಟ್ಟಿದ್ದು ಮೊದಲ ಮಹಾಯುದ್ಧದ ಸೈನಿಕರು ಹಾಡುತ್ತಿದ್ದ ಟಿಪ್ಪರೆರಿಯ ಮಟ್ಟಿನ ಮೇಲೆ. ಐರ್ಲೆಂಡಿನ ಊರು ಕಿವಿಯಲ್ಲಿ ಇನ್ನೂ ಗುಯ್‌ಗುಟ್ಟುತ್ತಿರುವಾಗಲೇ ನಮ್ಮ ಹಳ್ಳಿಯೊಂದು ಬಂದು ಕೂತುಬಿಡುತ್ತದೆ. ಈ ಹುಡುಗರಿಗೆ ಕೈಲಾಸಂ ಗೊತ್ತಿಲ್ಲ. ಗೊತ್ತಿರಬೇಕಾದ ತುರ್ತೂ ಈಗ ಇಲ್ಲ, ಹತ್ತು ದಿನ ಉಳಿದಿದೆ ಅಷ್ಟೆ.

“ಸಾರ್, ಲಿರಿಕ್ಸ್ ರೆಡಿ ಇದೆ, ಬರೀ ಚೂರು ಫಿನಿಶಿಂಗ್ ಕೊಡಿ ಸಾಕು” ಎಂದು ಮುಂದೆ ಬಂದವಳು ಫೈನಲ್ ಇಯರ್ ಹುಡುಗಿ. ನೋಟ್ ಬುಕ್ಕಿನ ಕೊನೆಯ ಹಾಳೆಯಲ್ಲಿ ನೀಲಿ ಇಂಕಿನಲ್ಲಿ ಎರಡು ಸಾಲು:

ಪರೀಕ್ಷೆಯು ಬಂದಿದೆ ಈಗ
ತಲೆನೋವು ಶುರುವಾಯ್ತೀಗ

ಹಾಡಿ ತೋರಿಸಿದಳು. ಒಂದು ಅಕ್ಷರವೂ ಎಡವಲಿಲ್ಲ. ಕೀಬೋರ್ಡ್ ಹುಡುಗ ತಲೆದೂಗಿದ. ಆದರೆ ಯಾರೂ ನಗಲಿಲ್ಲ. ಬಾಗಿಲಲ್ಲಿ ಒರಗಿ ನಿಂತಿದ್ದ ಬಿಎ ಹುಡುಗನೊಬ್ಬ “ಇದೇನ್ ಮಗಾ, ನ್ಯೂಸ್ ಹೇಳ್ದಂಗೆ ಇದೆ” ಎಂದು ಹೋಗಿಯೇಬಿಟ್ಟ.

ಲೆಕ್ಕ ಹಾಕಿ ನೋಡೋಣ ಎಂದೆ. ಎಸ್ಸೆಸ್ಸೆಲ್ಸಿಯ ಕನ್ನಡ ಪತ್ರಿಕೆಯಲ್ಲಿ ಪ್ರಸ್ತಾರ ಹಾಕಿ ಗಣ ವಿಂಗಡಿಸಿ ಎಂದೊಂದು ಪ್ರಶ್ನೆ ಬರುತ್ತಿತ್ತಲ್ಲ, ಅದನ್ನು ಮಾಡಿದವರು ಯಾರು ಎಂದಾಗ ಎಲ್ಲರ ಕೈಯೂ ಮೇಲೆದ್ದಿತು. ನೆನಪಿರುವವರು ಯಾರು ಎಂದಾಗ ಅಷ್ಟೂ ಕೈ ಇಳಿದವು. ಆದರೆ ಬೋರ್ಡಿನ ಮೇಲೆ ಒಂದು ಸಾಲು ಹಾಕಿದ ಕೂಡಲೇ ಮರೆತದ್ದೆಲ್ಲ ಒಂದೊಂದಾಗಿ ವಾಪಸು ಬಂತು. ಹ್ರಸ್ವಕ್ಕೆ ಒಂದು ಮಾತ್ರೆ, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದೆ ನಿಂತ ಅಕ್ಷರಕ್ಕೂ ಎರಡು. ಆ ಸಿನಿಮಾ ಹಾಡಿನ ಪಲ್ಲವಿಯ ಮೊದಲ ಸಾಲು 5, 4, 3 ಎಂದು ಒಡೆದು 12 ಮಾತ್ರೆಗೆ ನಿಲ್ಲುತ್ತದೆ. ಎರಡನೆಯದೂ 12. ಹುಡುಗಿಯ ಸಾಲು? ‘ಪರೀಕ್ಷೆಯು’ 5, ‘ಬಂದಿದೆ’ 4, ‘ಈಗ’ 3. ಕರಾರುವಾಕ್ಕು 12. ಎರಡನೆಯ ಸಾಲು ‘ತಲೆನೋವು’ 5, ‘ಶುರುವಾಯ್ತೀಗ’ 7, ಅದೂ 12. ಕಿವಿಯೊಂದನ್ನೇ ನಂಬಿ ಬರೆದವಳು ಛಂದಸ್ಸಿನಲ್ಲಿ ಪೂರ್ತಿ ಮಾರ್ಕ್ಸ್ ತೆಗೆದಿದ್ದಳು.

ಕೆಟ್ಟಿದ್ದು ಮಾತ್ರೆಯಲ್ಲಿ ಅಲ್ಲವೆಂದಾದ ಮೇಲೆ ಬೇರೆ ಕಡೆ ಹುಡುಕಬೇಕಾಯಿತು. ಪರೀಕ್ಷೆ ಬಂತು, ತಲೆನೋವು ಬಂತು ಎಂಬುದು ಯಾವ ಕಾಲೇಜಿನ ಯಾವ ತರಗತಿಗೂ ಹೊಂದುವ ಮಾತು. ಸಭಿಕರಲ್ಲಿ ಕೂತಿರುವ ಬಿಕಾಂ ಹುಡುಗನಿಗೆ ಇದು ತನ್ನದೇ ಕಥೆ ಅನ್ನಿಸುವಂಥ ವಸ್ತು ಅದರಲ್ಲಿ ಒಂದೂ ಇಲ್ಲ. ಮೂಲ ಹಾಡು ಪ್ರೇಮಿಯೊಬ್ಬನ ಹಿತವಾದ ಸಂಕಟದ್ದು. ಅಣಕದಲ್ಲೂ ಪ್ರೀತಿಯ ಧಾಟಿಯನ್ನೇ ಇಟ್ಟುಕೊಂಡು, ಹುಡುಗಿ ಇದ್ದ ಜಾಗದಲ್ಲಿ ಮಾತ್ರ ಬೇರೇನನ್ನಾದರೂ ಕೂರಿಸಬೇಕು. “ನಿಮ್ಮನ್ನ ಪರೀಕ್ಷೆ ಹಾಲಲ್ಲಿ ಯಾರು ಜಾಸ್ತಿ ಕಾಡ್ತಾರಪ್ಪ?” ಎಂದು ಕೇಳಿದೆ.

ಉತ್ತರ ನಾಲ್ಕೂ ಕಡೆಯಿಂದ ಬಂತು. ಸ್ಕ್ವಾಡ್. ಹಾಲ್ ಟಿಕೆಟ್. ಮೂರು ಸೆಮ್ಮಿನಿಂದ ಬೆನ್ನು ಬಿಡದ ಬ್ಯಾಕ್‌ಲಾಗ್. ಪಾಸಿಂಗ್ ಪ್ಯಾಕೇಜಿನಲ್ಲಿ ಇಲ್ಲದ ಪ್ರಶ್ನೆ. ಆಮೇಲೆ ಹಿಂದಿನ ಬೆಂಚಿನಿಂದ ಸಣ್ಣ ದನಿಯೊಂದು: “ಟ್ಯಾಲಿ ಆಗದೇ ಇರೋ ಬ್ಯಾಲೆನ್ಸ್ ಶೀಟು ಸಾರ್.”

ಕೋಣೆಯಲ್ಲಿ ಆ ಸಂಜೆ ಮೊದಲ ಸಲ ನಗು ಬಿದ್ದದ್ದು ಆಗ. ಬಿಕಾಂ ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಎಡಗಡೆ ಹೊಣೆ, ಬಲಗಡೆ ಆಸ್ತಿ. ಎರಡೂ ಕಡೆಯ ಮೊತ್ತ ಒಂದೇ ಆಗಬೇಕು. ಆಗದಿದ್ದರೆ ಎಲ್ಲೋ ಏನೋ ತಪ್ಪಾಗಿದೆ ಎಂದರ್ಥ. ಎಲ್ಲಿ ಎಂದು ಹುಡುಕುತ್ತಾ ಕೂತರೆ ಉಳಿದ ಪ್ರಶ್ನೆಗಳಿಗೆ ಟೈಮ್ ಇಲ್ಲ. ಎರಡು ಮನಸ್ಸು ಒಂದಾಗದಿರುವ ಕಥೆ ಅಲ್ಲೇ ಸಿದ್ಧವಾಗಿ ಕೂತಿದೆ. ಎರವಲು ತಂದ ಪ್ರೇಮದ ರಾಗಕ್ಕೆ ಇದಕ್ಕಿಂತ ಒಳ್ಳೆಯ ನಾಯಕಿ ಸಿಗುವುದುಂಟೆ?

ಹಿಂದಿನ ಬೆಂಚಿನ ಹುಡುಗನನ್ನು ಮುಂದಕ್ಕೆ ಎಳೆದು ತಂದರು. ಮುಕ್ಕಾಲು ಗಂಟೆ ಬೋರ್ಡಿನ ಮುಂದೆ ಬರೆಯುವುದು, ಉಜ್ಜುವುದು, ಬೆರಳು ಮಡಿಸುವುದು ನಡೆಯಿತು. ಬೋರ್ಡಿನ ಮೂಲೆಯಲ್ಲಿ ಉಳಿದಿದ್ದ ಟ್ರಯಲ್ ಬ್ಯಾಲೆನ್ಸೂ ಅಷ್ಟರಲ್ಲಿ ಪೂರ್ತಿ ಅಳಿಸಿಹೋಯಿತು. ನಿಂತದ್ದು ಇದು:

ಬ್ಯಾಲೆನ್ಸು ಶೀಟಿಗೆ ಮುನಿಸು
ಎಡಬಲಕೆ ಕೂಡದ ಮನಸು
ಮುನ್ನೂರು ರೂಪಾಯಿ
ಎಲ್ಲೋಯ್ತು ಹೇಳೇ ತಾಯಿ

ಮೊದಲ ಸಾಲಿನ ಲೆಕ್ಕ ಹಳೆಯದೇ: ‘ಬ್ಯಾಲೆನ್ಸು’ 5, ‘ಶೀಟಿಗೆ’ 4, ‘ಮುನಿಸು’ 3. ಆದರೆ ಮೂಲದಲ್ಲಿ ಮೊದಲ ಐದು ಮಾತ್ರೆಗೆ ಐದು ಪುಟ್ಟ ಅಕ್ಷರಗಳು ಪಟಪಟನೆ ಇಳಿಯುತ್ತವೆ, ಇಲ್ಲಿ ಮೂರೇ ಅಕ್ಷರ. ಹಾಗಾಗಿ ‘ಬ್ಯಾ’ ಮತ್ತು ‘ಲೆನ್’ ಎರಡನ್ನೂ ಎಳೆಯಬೇಕಾಗುತ್ತದೆ. ಎಳೆದರೆ ನರಳಿದ ಹಾಗೆ ಕೇಳುತ್ತದೆ. ಗಂಭೀರ ಹಾಡಾಗಿದ್ದರೆ ಇದು ದೋಷ. ಇಲ್ಲಿ ಪುಕ್ಕಟೆ ಸಿಕ್ಕ ಅಭಿನಯ.

ಇಂಗ್ಲಿಷ್ ಪದದ ಕೊನೆಗೆ ನಾವು ಅಂಟಿಸುವ ‘ಉ’ ಇದೆಯಲ್ಲ, ಬಸ್ಸು, ಮಾರ್ಕ್ಸು, ಬೆಲ್ಲು, ಶೀಟು ಎನ್ನುವಾಗ, ಅದು ಅಣಕವಾಡು ಬರೆಯುವವರ ಪಾಲಿನ ಭಾಗ್ಯ. ‘ಬ್ಯಾಲೆನ್ಸ್’ ಎಂದು ನಿಲ್ಲಿಸಿದರೆ ಬಾಯಿ ಮುಚ್ಚಿಕೊಳ್ಳುತ್ತದೆ, ಸ್ವರ ನಿಲ್ಲಿಸಲು ಜಾಗವಿಲ್ಲ. ‘ಬ್ಯಾಲೆನ್ಸು’ ಎಂದರೆ ಒಂದು ಮಾತ್ರೆಯೂ ಸಿಕ್ಕಿತು, ಸ್ವರ ಹಿಡಿಯಲು ಒಂದು ಹಿಡಿಕೆಯೂ ಸಿಕ್ಕಿತು. ಮೂಲದ ಮೊದಲೆರಡು ಸಾಲುಗಳೂ ‘ಉ’ಕಾರಕ್ಕೇ ಬಂದು ನಿಲ್ಲುವುದರಿಂದ ಮುನಿಸು, ಮನಸುಗಳು ಕಿವಿಗೆ ಹಳೆಯ ಪರಿಚಯದವರ ಹಾಗೆ ಕೇಳಿಸುತ್ತವೆ.

ಮೂರನೆಯ ಸಾಲು ಬೇರೆ ಥರ. ಮೂಲದಲ್ಲೂ ಅಲ್ಲಿ ಹತ್ತೇ ಮಾತ್ರೆ. ಎರಡು ಮಾತ್ರೆಯಷ್ಟು ತೆರಪು ಹಾಗೇ ಉಳಿಯುತ್ತದೆ. ಹುಡುಗಿ ಅದನ್ನು ತುಂಬಿಸಲು ನೋಡಿದಳು, ‘ಮುನ್ನೂರು ರೂಪಾಯಿ ಅದು’ ಎಂದು. ಬೇಡ, ಖಾಲಿ ಬಿಡು ಎಂದರು ಎಲ್ಲರೂ. ಮುನ್ನೂರು ರೂಪಾಯಿ ಎಂದು ಹೇಳಿ ಗಾಯಕ ಸುಮ್ಮನಾದಾಗ ಕೇಳುವವನು ಏನಾಯಿತು ಎಂದು ಕತ್ತು ಚಾಚುತ್ತಾನೆ. ‘ಎಲ್ಲೋಯ್ತು’ ಆಮೇಲೆ ಬರಬೇಕು.

ಎಷ್ಟು ರೂಪಾಯಿ ಎಂಬುದರ ಮೇಲೂ ಚರ್ಚೆ ನಡೆದಿತ್ತು. ಒಂದು ಲಕ್ಷ ಇರಲಿ ಸಾರ್, ದೊಡ್ಡದಾಗಿರುತ್ತೆ ಎಂದ ಒಬ್ಬ. ಲಕ್ಷ ವ್ಯತ್ಯಾಸ ಬಂದರೆ ಯಾರಿಗೂ ಹೊಟ್ಟೆ ಉರಿಯುವುದಿಲ್ಲ, ಲೆಕ್ಕವೇ ತಪ್ಪು ಎಂದು ಹೊಡೆದು ಹಾಕಿ ಮುಂದಕ್ಕೆ ಹೋಗುತ್ತೇವೆ. ಲಕ್ಷಗಟ್ಟಲೆ ಮೊತ್ತದಲ್ಲಿ ಮುನ್ನೂರು ಮಾತ್ರ ಹೊಂದದೆ ಉಳಿದರೆ ನಿದ್ದೆ ಬರುವುದಿಲ್ಲ. ಇದನ್ನು ಹೇಳಿದವನು ಹಿಂದಿನ ಬೆಂಚಿನ ಹುಡುಗನೇ. ಅನುಭವಸ್ಥ.

ಇಷ್ಟಾಗುವ ಹೊತ್ತಿಗೆ ಸಾಂಸ್ಕೃತಿಕ ಸಮಿತಿಯ ಮೇಡಂ ಒಳಗೆ ಬಂದರು. ಸ್ಕ್ರಿಪ್ಟಿಗೆ ಅವರ ಸಹಿ ಬೀಳದೆ ಸ್ಟೇಜ್ ಇಲ್ಲ. ನಾಲ್ಕು ಸಾಲು ಓದಿ ನಕ್ಕರು. ಮುಂದಿನ ಸಾಲಿಗೆ ಬಂದಾಗ ಪೆನ್ನು ತೆಗೆದರು. ಅಲ್ಲಿ ಒಬ್ಬ ಫ್ಯಾನು, ಹಗ್ಗ ಎಂದೇನೋ ಬರೆದಿದ್ದ. ಅವನದೂ ಪೂರ್ತಿ ತಪ್ಪೆನ್ನುವಂತಿಲ್ಲ. ಮೂಲ ಹಾಡಿನ ಪ್ರೇಮಿ ಅದೇ ಜಾಗದಲ್ಲಿ ಹುಡುಗಿಯ ಕೈಯಲ್ಲಿ ಸಾಯಲೂ ತಯಾರಾಗಿ ನಿಂತಿರುತ್ತಾನೆ. ರಾಗ ಕೈಹಿಡಿದು ಅತ್ತಲೇ ಕರೆದುಕೊಂಡು ಹೋಗುತ್ತದೆ. ಪ್ರೇಮಗೀತೆಯಲ್ಲಿ ಅದು ಮುದ್ದು ಮಾತು, ರಿಸಲ್ಟ್ ದಿನದ ಪತ್ರಿಕೆಯಲ್ಲಿ ಸುದ್ದಿ. “ಕೂತಿರೋರಲ್ಲಿ ಯಾರ ಮನೇಲಿ ಏನಾಗಿದೆಯೋ ನಮಗೇನ್ ಗೊತ್ತಪ್ಪ. ಇದು ಬೇಡ, ಬೇರೆ ಬರೀರಿ” ಎಂದು ಗೆರೆ ಎಳೆದು ಹೋದರು. ಹುಡುಗ ಸ್ವಲ್ಪ ಮುಖ ಊದಿಸಿಕೊಂಡ. ನನಗೆ ಮೇಡಂ ಮಾಡಿದ್ದು ಸರಿ ಅನ್ನಿಸಿತು. ಔಚಿತ್ಯದ ಮಾತು ಹಾಗಿರಲಿ, ಸಾಯುವ ಮಾತಿಗೆ ಸಭೆ ಒಂದು ಕ್ಷಣ ನಗಲೋ ಬೇಡವೋ ಎಂದು ಹಿಂಜರಿಯುತ್ತದೆ. ಆ ಹಿಂಜರಿಕೆಯಲ್ಲಿ ಮುಂದಿನ ಎರಡು ಸಾಲು ಕೊಚ್ಚಿಕೊಂಡು ಹೋಗುತ್ತವೆ.

ಬೇರೆ ಬರೆಯಲು ಹೊರಟಾಗ ನಡೆಯ ತೊಡಕು ಎದುರಾಯಿತು. ಇಲ್ಲಿಂದ ಹಾಡು ಹೆಜ್ಜೆ ಬದಲಿಸುತ್ತದೆ. ಕೊನೆಯ ದೊಡ್ಡ ಸಾಲು ಮೂರು ಮೂರು ಮಾತ್ರೆಯ ಐದು ಗಣ, ತುದಿಗೆ ನಾಲ್ಕರ ಒಂದು ನಿಲುಗಡೆ. ಮೂಲದಲ್ಲಿ ಪ್ರತಿ ಗಣವೂ ಒಂದು ಇಡೀ ಪದ, ಎಲ್ಲೂ ಪದದ ಹೊಟ್ಟೆ ಸೀಳುವುದಿಲ್ಲ. ಅಷ್ಟು ಸಲೀಸಾಗಿ ಅದು ಎಲ್ಲರ ಬಾಯಲ್ಲಿ ಕೂತದ್ದಕ್ಕೆ ಇದೂ ಒಂದು ಕಾರಣವಿರಬೇಕು. ಹುಡುಗಿ ಮೊದಲು ಸಸ್ಪೆನ್ಸ್ ಅಕೌಂಟನ್ನು ತರಲು ನೋಡಿದಳು. ಟ್ರಯಲ್ ಬ್ಯಾಲೆನ್ಸ್ ಹೊಂದದೇ ಇದ್ದಾಗ ವ್ಯತ್ಯಾಸವನ್ನು ಸದ್ಯಕ್ಕೆ ಇಡುವ ಖಾತೆ ಅದು, ಜೋಕಿಗೆ ಹೇಳಿ ಮಾಡಿಸಿದ ಹೆಸರು. ಆದರೆ ‘ಸಸ್ಪೆನ್ಸು’ ಐದು ಮಾತ್ರೆ. ಮೂರರ ನಡೆಯಲ್ಲಿ ಹಾಡಿದರೆ ‘ಸಸ್ಪೆ’, ‘ನ್ಸು’ ಎಂದು ಸೀಳಿ ಕೇಳಿಸುತ್ತದೆ, ಹಿಂದಿನ ಸಾಲಿನವರಿಗೆ ಪದವೇ ತಿಳಿಯುವುದಿಲ್ಲ. ಮೂರು ಸಲ ಹಾಡಿ ನೋಡಿ ತಾನೇ ಕೈಬಿಟ್ಟಳು. ಒಳ್ಳೆಯ ಹಾಸ್ಯವನ್ನು ಮಾತ್ರೆಗಾಗಿ ಬಿಟ್ಟುಕೊಡುವುದು ಕಷ್ಟ, ಅವಳ ಮುಖ ನೋಡಿದರೆ ಗೊತ್ತಾಗುತ್ತಿತ್ತು.

ಕೊನೆಗೆ ಕೂತ ಸಾಲುಗಳು:

ಅಯ್ಯೋ ಬೆಲ್ಲು ಹೊಡೆಯೊ ಹೊತ್ತಿಗೆ
ಅಷ್ಟು ದುಡ್ಡು ಬರೆದು ಬಿಟ್ಟೆ ಕಾಫಿ ಖರ್ಚಿಗೆ

ಅಷ್ಟು, ದುಡ್ಡು, ಬರೆದು, ಬಿಟ್ಟೆ, ಕಾಫಿ. ಐದೂ ಮೂರು ಮಾತ್ರೆಯ ಇಡೀ ಪದಗಳು, ಕೊನೆಗೆ ‘ಖರ್ಚಿಗೆ’ ನಾಲ್ಕು. ನಗಿಸುವ ಪದ ಸಾಲಿನ ತುದಿಯಲ್ಲಿದೆ. ಇದು ಆಕಸ್ಮಿಕವಲ್ಲ. ಮೊದಲು ಅವರು ‘ಕಾಫಿ ಖರ್ಚು ಎಂದು ಅದನು ಬರೆದು ಬಂದೆನು’ ಎಂದು ಹಾಕಿದ್ದರು. ಮಾತ್ರೆ ಸರಿಯಿದೆ, ವ್ಯಾಕರಣ ಸರಿಯಿದೆ. ಆದರೆ ‘ಕಾಫಿ’ ಮೊದಲಲ್ಲೇ ಬಂದರೆ ಸಭೆ ಅಲ್ಲೇ ನಗುತ್ತದೆ, ಉಳಿದ ಸಾಲು ಆ ಗದ್ದಲದಲ್ಲಿ ಮುಳುಗುತ್ತದೆ. ಪಲ್ಲವಿ ಮುಗಿದ ಮೇಲೆ ಹೇಗೂ ಮ್ಯೂಸಿಕ್ ಬಿಟ್ ಇದೆ. ನಗುವವರು ಅಲ್ಲಿ ಆರಾಮಾಗಿ ನಗಲಿ. ನಗು ಎಲ್ಲಿ ಬೀಳಬೇಕೆಂಬುದನ್ನು ರಾಗ ಮೊದಲೇ ಗುರುತು ಮಾಡಿಟ್ಟಿರುತ್ತದೆ, ಬರೆಯುವವರು ಅಲ್ಲಿಗೆ ಮಾತನ್ನು ತಲುಪಿಸಿದರೆ ಸಾಕು.

ಚರಣ ನಾಲ್ಕು ನಾಲ್ಕರ ನಡೆ. ಅಲ್ಲಿಗೆ ಒಂದೇ ಜೋಡಿ ಸಾಲು ಸಾಕೆಂದು ನಿರ್ಧಾರವಾಯಿತು:

ಮುಂದಿನ ಬೆಂಚಲಿ ನಾಲ್ಕನೆ ಶೀಟಿಗೆ ದಾರ
ನನ್ನೀ ಪುಟದಲಿ ನಂಬರು ಒಂದೇ ಪೂರಾ

ಅಡಿಷನಲ್ ಶೀಟುಗಳನ್ನು ಕಟ್ಟುವ ಬಿಳಿ ದಾರ ನೋಡಿದವರಿಗೆಲ್ಲ ಆ ಸಂಕಟ ಗೊತ್ತು. ನಾವಿನ್ನೂ ರಿಜಿಸ್ಟರ್ ನಂಬರನ್ನು ಚೌಕದೊಳಗೆ ತುಂಬುತ್ತಿರುವಾಗಲೇ ಮುಂದಿನವರು ಎದ್ದು ನಿಂತು “ಮೇಡಂ, ದಾರ” ಎನ್ನುತ್ತಾರೆ.

ಇನ್ನುಳಿದದ್ದು ಹಾಡುವ ಕೆಲಸ. ಫೋನಿನಲ್ಲಿ ಇಳಿಸಿಕೊಂಡ ಕರೋಕೆ ಟ್ರ್ಯಾಕ್ ಮೂಲ ಶ್ರುತಿಯಲ್ಲೇ ಇತ್ತು. ಮುಖ್ಯ ಗಾಯಕ ಮೇಲಿನ ಸ್ವರಕ್ಕೆ ಹೋದಾಗ ಕತ್ತಿನ ನರ ಉಬ್ಬುತ್ತಿತ್ತು, ‘ಹೇಳೇ ತಾಯಿ’ ಬರೀ ‘ಏಏ ಆಯಿ’ ಎಂದು ಕೇಳುತ್ತಿತ್ತು. ಪ್ರೇಮಗೀತೆಯಲ್ಲಿ ಅಕ್ಷರ ಸ್ವಲ್ಪ ಮಾಸಿದರೂ ರಾಗ ಕೈಹಿಡಿಯುತ್ತದೆ, ಅಣಕವಾಡಿನಲ್ಲಿ ಒಂದು ಅಕ್ಷರ ಕೇಳದಿದ್ದರೆ ಉಳಿಯುವುದು ಮೂಲ ಹಾಡಿನ ಕೆಟ್ಟ ನಕಲು ಮಾತ್ರ. ಟ್ರ್ಯಾಕ್ ಬಿಟ್ಟರು. ಕೀಬೋರ್ಡ್ ಹುಡುಗ ಟ್ರಾನ್ಸ್‌ಪೋಸ್ ಬಟನ್ ಒತ್ತಿ ಮೈನಸ್ ಎರಡು ಮಾಡಿದ. ಗಂಟಲು ಸಡಿಲವಾಯಿತು. ವೇಗವನ್ನೂ ಒಂದು ಕೂದಲೆಳೆ ತಗ್ಗಿಸಿದರು. ಗುಂಪಾಗಿ ಹಾಡುವುದೂ ಬೇಡವೆಂದಾಯಿತು. ಎಂಟು ಜನ ಕೂಡಿದರೆ ಒಬ್ಬ ಚೂರು ಮುಂದೆ, ಒಬ್ಬ ಚೂರು ಹಿಂದೆ, ವ್ಯಂಜನಗಳೆಲ್ಲ ಒಂದರ ಮೇಲೊಂದು ಬಿದ್ದು ಮಾತು ಕಲಸುಮೇಲೋಗರ. ನಾಲ್ಕು ಸಾಲು ಒಬ್ಬನೇ ಹಾಡುವುದು, ‘ಅಯ್ಯೋ’ಗೆ ಮಾತ್ರ ಎಲ್ಲರೂ ಬಾಯಿ ಹಾಕುವುದು.

ಕಾಲೇಜ್ ಡೇ ಸಂಜೆ ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಮುಂದಿನ ಸಾಲಿನಲ್ಲಿ ಪ್ರಿನ್ಸಿಪಾಲರು, ಶಾಲು ಹೊದ್ದ ಅತಿಥಿಗಳು. ಅವರ ಹಿಂದೆ ಲೆಕ್ಚರರ್‌ಗಳು, ಆಮೇಲೆ ಹುಡುಗಿಯರು. ಹುಡುಗರು ಕೂರದೆ ಹಿಂದೆ ಕಂಬಗಳಿಗೆ ಜೋತುಬಿದ್ದಿದ್ದರು. ಎರಡು ಫಿಲ್ಮ್ ಡ್ಯಾನ್ಸ್, ಒಂದು ಜಾನಪದ ಕುಣಿತ ಮುಗಿದ ಮೇಲೆ ಬಿಕಾಂ ಸ್ಕಿಟ್ಟಿನ ಸರದಿ. ನಾಲ್ಕು ಬೆಂಚು, ಕೊರಳಿಗೆ ಐಡಿ ಕಾರ್ಡ್ ಹಾಕಿದ ಇನ್ವಿಜಿಲೇಟರ್, ಕನ್ನಡಕ ಜಾರಿಸಿಕೊಂಡ ಸ್ಕ್ವಾಡ್. ಕಾಲರ್ ಮೈಕಿಗೆ ದುಡ್ಡಿಲ್ಲದ್ದರಿಂದ ಪ್ರಶ್ನೆಪತ್ರಿಕೆಯೊಳಗೆ ಕಾರ್ಡ್‌ಲೆಸ್ ಮೈಕ್ ಸುತ್ತಿ ಕೊಟ್ಟಿದ್ದರು. ಆ ಉಪಾಯ ಯಾರದೋ, ಚೆನ್ನಾಗಿ ಕೆಲಸ ಮಾಡಿತು. ಸ್ಪೀಕರಿನ ಎದುರು ಹಾದಾಗ ಒಮ್ಮೆ ಮಾತ್ರ ಕುಯ್ಯೋ ಎಂದು ಕೂಗಿತು. ಹುಡುಗ ಪತ್ರಿಕೆಯನ್ನೇ ದಿಟ್ಟಿಸಿ “ನೋಡಿ ಮೇಡಂ, ಪೇಪರೇ ಅಳ್ತಾ ಇದೆ” ಎಂದ. ಅದು ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಕೀಬೋರ್ಡಿನಲ್ಲಿ ಆ ಪರಿಚಿತ ಸ್ವರಗಳು ಬಂದ ಕೂಡಲೇ ಹಿಂದಿನಿಂದ ಸಿಳ್ಳೆ. ಕಂಬದ ಹುಡುಗರು ಮೂಲ ಸಾಹಿತ್ಯವನ್ನೇ ಹಾಡಲು ಶುರುವಿಟ್ಟುಕೊಂಡರು. ಗಾಯಕ ಕಾದ. ಸಿಳ್ಳೆ ಇಳಿಯುವವರೆಗೆ ಅದೇ ಸ್ವರಗಳನ್ನು ಇನ್ನೊಂದು ಸುತ್ತು ನುಡಿಸಿದರು. ಆಮೇಲೆ ‘ಬ್ಯಾ... ಲೆನ್... ಸು’. ಒಂದು ಕ್ಷಣ ಏನೂ ಇಲ್ಲ. ‘ಮುನಿಸು’ ಬಂದಾಗ ಕಾಮರ್ಸ್ ಹುಡುಗಿಯರ ಸಾಲಿನಲ್ಲಿ ನಗು ಹತ್ತಿತು. ಎರಡನೆಯ ಸಾಲಿಗೆ ಇಡೀ ಕಾಮರ್ಸ್ ವಿಭಾಗ. ಬಿಎಸ್ಸಿಯವರು ಇವರಿಗೇನಾಯಿತು ಎಂದು ತಿರುಗಿ ನೋಡುತ್ತಿದ್ದರು. ಅವರಿಗೆ ಹಾಡು ತಲುಪಿದ್ದು ‘ಎಲ್ಲೋಯ್ತು ಹೇಳೇ ತಾಯಿ’ಗೆ. ಗಾಯಕ ಇನ್ವಿಜಿಲೇಟರ್ ಕಾಲಿಗೆ ಅಡ್ಡಬಿದ್ದು ಹಾಡಿದ್ದರಿಂದ ಲೆಕ್ಕಶಾಸ್ತ್ರ ಬಾರದವರಿಗೂ ಅಷ್ಟು ಅರ್ಥವಾಯಿತು. ‘ಕಾಫಿ ಖರ್ಚಿಗೆ’ ಮುಗಿದಾಗ ಮ್ಯೂಸಿಕ್ ಬಿಟ್ ಕೇಳಿಸಲೇ ಇಲ್ಲ. ಚರಣದ ದಾರ ಮಾತ್ರ ಅಂದುಕೊಂಡಷ್ಟು ಓಡಲಿಲ್ಲ. ನಗು ಪೂರ್ತಿ ಇಳಿಯುವ ಮೊದಲೇ ಎತ್ತಿಕೊಂಡಿದ್ದರಿಂದ ಮೊದಲರ್ಧ ಯಾರ ಕಿವಿಗೂ ಬೀಳಲಿಲ್ಲ.

ಕಾರ್ಯಕ್ರಮ ಮುಗಿದು ಹುಡುಗರು ಬೆಂಚು ಹೊತ್ತು ವಾಪಸು ಹೋಗುತ್ತಿದ್ದಾಗ ಅಕೌಂಟೆನ್ಸಿ ಸರ್ ಎದುರಾದರು. ಹೊಗಳುತ್ತಾರೆಂದು ಎಲ್ಲರೂ ಬೆಂಚು ಇಳಿಸಿ ನಿಂತರು.

“ಮುನ್ನೂರು ಯಾವ ಕಡೆ ಜಾಸ್ತಿ ಇತ್ರೋ?”

ಹುಡುಗರು ಮುಖ ಮುಖ ನೋಡಿಕೊಂಡರು. “ಎಡಗಡೆ ಇರ್ಬೋದು ಸಾರ್.”

“ಹಂಗಿದ್ರೆ ಸರಿ. ಖರ್ಚು ಬರೆದ್ರೆ ಲಾಭ ಕಮ್ಮಿ ಆಗಿ ಕ್ಯಾಪಿಟಲ್ ಇಳಿಯುತ್ತೆ, ಟ್ಯಾಲಿ ಆಗುತ್ತೆ. ಬಲಗಡೆ ಜಾಸ್ತಿ ಇದ್ದಿದ್ರೆ ಕಾಫಿ ಕುಡಿದು ಇನ್ನೂ ಹಾಳಾಗ್ತಿದ್ರಿ, ಆರ್ನೂರಾಗ್ತಿತ್ತು.” ಅಂಗೈ ಮೇಲೆ ಬೆರಳಿನಲ್ಲಿ ಎರಡು ಗೆರೆ ಎಳೆದು ತೋರಿಸಿದರು. “ಆದ್ರೂ ಕಳ್ಳ ಲೆಕ್ಕ ಬೇಡ. ವ್ಯತ್ಯಾಸ ಬಂದಾಗ ಮೊದ್ಲು ಅದರ ಅರ್ಧ ಹುಡುಕ್ಬೇಕು ಅಂತ ಎಷ್ಟು ಸಲ ಹೇಳಿದೀನಿ? ಮುನ್ನೂರರ ಅರ್ಧ ನೂರೈವತ್ತು. ಪ್ರೀಪೇಯ್ಡ್ ಇನ್ಶೂರೆನ್ಸ್ ನೂರೈವತ್ತು ಆಸ್ತಿ ಕಡೆ ಬರ್ಬೇಕಾದ್ದು ಹೊಣೆ ಕಡೆ ಕೂರಿಸಿರ್ತೀರಿ. ಆ ಕಡೆ ನೂರೈವತ್ತು ಜಾಸ್ತಿ, ಈ ಕಡೆ ನೂರೈವತ್ತು ಕಮ್ಮಿ. ಅಲ್ಲಿದೆ ನೋಡಿ ನಿಮ್ಮ ಮುನ್ನೂರು.”

ಇನ್ವಿಜಿಲೇಟರ್ ವೇಷದಲ್ಲೇ ಇದ್ದ ಹುಡುಗ ಐಡಿ ಕಾರ್ಡ್ ಬಿಚ್ಚುತ್ತಾ ಕೇಳಿದ: “ಸಾರ್, ಇದು ಇಂಪಾರ್ಟೆಂಟಾ?”